ಕಡಿತವಾದ ಟಿಡಿಎಸ್ ನಮ್ಮ ಹೆಸರಿಗೆ ಜಮಾ ಆಯಿತೇ?

ಸಂಬಳದ ಕೆಲಸದಲ್ಲಿರುವವರಿಗೆ ಕಂಪನಿಯೇ ವರ್ಷಕ್ಕೊಮ್ಮೆ ಫಾರಂ 16 ಕೊಡುತ್ತದೆ. ಆದರೆ ಮನೆಯಲ್ಲೇ ಕುಳಿತು ಬೇರೆ ಬೇರೆ ಕಂಪನಿಗಳಿಗೆ ಬಿಡಿ ಕೆಲಸ ಮಾಡಿಕೊಡುವ ಫ್ರೀಲ್ಯಾನ್ಸರ್‌ಗಳಿಗೆ ಸಿಗಬೇಕಾದ್ದು ಫಾರಂ 16ಎ. ಇದು ಮೂರು ತಿಂಗಳಿಗೊಮ್ಮೆ ಸಿಗಬೇಕಾದ ಪ್ರಮಾಣಪತ್ರ. ಬಹಳ ಸಲ ಇದನ್ನು ಕೇಳಿಯೇ ಪಡೆಯಬೇಕಾಗುತ್ತದೆ. ಅದನ್ನು ಹೇಗೆ ಕೇಳಬೇಕು, ಕೇಳುವ ಮೊದಲು ಯಾವ ಲೆಕ್ಕ ಮಾಡಿಕೊಳ್ಳಬೇಕು ಎಂಬುದನ್ನು ನಮ್ಮ ಭಾಯಿಜಾನ್ ಅವರ ಲೆಕ್ಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಭಾಯಿಜಾನ್ ಒಳಾಂಗಣ ವಿನ್ಯಾಸದ ನಕ್ಷೆಗಳನ್ನು ಮಾಡುತ್ತಾರೆ. 2024-25ರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ನಾಲ್ಕು ಬಿಲ್ಲು ಕೊಟ್ಟಿದ್ದರು. 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನ ಪ್ರಕಾರ ಇಂಥ ವೃತ್ತಿ ಶುಲ್ಕದಿಂದ ಕಂಪನಿಯು ಶೇ. 10ರಷ್ಟು ತೆರಿಗೆ ಕಡಿದು, ಉಳಿದದ್ದನ್ನು ಕೊಡಬೇಕು. ಆ ವರ್ಷ ಇದಕ್ಕೆ ಮಿತಿ 30,000 ರೂಪಾಯಿ ಇತ್ತು. 2025ರ ಏಪ್ರಿಲ್‌ನಿಂದ ಅದು 50,000 ಆಯಿತು.

ಅವರ ನಾಲ್ಕು ಬಿಲ್ಲುಗಳು ಹೀಗಿವೆ:

| ಬಿಲ್ಲಿನ ತಿಂಗಳು | ಬಿಲ್ಲಿನ ಮೊತ್ತ | ಟಿಡಿಎಸ್ | ಬ್ಯಾಂಕಿಗೆ ಬಂದದ್ದು |
|---|---|---|---|
| ಜೂನ್ 2024 | 40,000 | 4,000 | 36,000 |
| ಸೆಪ್ಟೆಂಬರ್ 2024 | 50,000 | 5,000 | 45,000 |
| ಡಿಸೆಂಬರ್ 2024 | 60,000 | 6,000 | 54,000 |
| ಮಾರ್ಚ್ 2025 | 30,000 | 3,000 | 27,000 |
| ಒಟ್ಟು | 1,80,000 | 18,000 | 1,62,000 |

ಇಲ್ಲಿ ಭಾಯಿಜಾನ್ ಅವರ ಆದಾಯ 1,62,000 ಅಲ್ಲ, 1,80,000. ಕಡಿದ 18,000 ಕೂಡ ಅವರ ದುಡಿಮೆಯೇ; ಅವರ ಪರವಾಗಿ ಸರ್ಕಾರಕ್ಕೆ ಮುಂಚಿತವಾಗಿ ಕಟ್ಟಿದ ತೆರಿಗೆ ಅದು. ಡಿಸೆಂಬರ್ ಬಿಲ್ಲನ್ನು ನಾವು ಕಲಿತ ರೋಜುನಾಮೆಯ ರೀತಿಯಲ್ಲಿ ಬರೆದರೆ, ಬ್ಯಾಂಕ್ ಖಾತೆಗೆ 54,000 ಮತ್ತು ಬರಬೇಕಾದ ಟಿಡಿಎಸ್ ಖಾತೆಗೆ 6,000 ಡೆಬಿಟ್, ವೃತ್ತಿ ಶುಲ್ಕದ ಖಾತೆಗೆ 60,000 ಕ್ರೆಡಿಟ್. ಬಂದ ಹಣದಿಂದ ಬಿಲ್ಲಿನ ಮೊತ್ತ ತಿಳಿಯಬೇಕಾದರೆ 54,000ವನ್ನು 0.9ರಿಂದ ಭಾಗಿಸಬೇಕು. 54,000ಕ್ಕೆ ಶೇ. 10 ಸೇರಿಸಿದರೆ 59,400 ಬರುತ್ತದೆ, ಅದು ತಪ್ಪು ಲೆಕ್ಕ.

ಆ ವರ್ಷ ಅವರ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇತ್ತು. ಆದ್ದರಿಂದ ರಿಟರ್ನ್ ಸಲ್ಲಿಸಿದರೆ ಪೂರ್ತಿ 18,000 ವಾಪಸ್ ಬರಬೇಕು. ಆದರೆ ಇಲಾಖೆಯು ನಮ್ಮ ಬಿಲ್ಲನ್ನು ನೋಡಿ ಹಣ ಕೊಡುವುದಿಲ್ಲ. ಕಂಪನಿಯು ನಮ್ಮ ಪ್ಯಾನ್ ಸಂಖ್ಯೆಯ ಮೇಲೆ ಎಷ್ಟು ತೆರಿಗೆ ತೋರಿಸಿದೆ ಎಂಬುದನ್ನು ನೋಡುತ್ತದೆ. ಅದು ಫಾರಂ 26ಎಎಸ್‌ನಲ್ಲಿ ಕಾಣುತ್ತದೆ. ಆದಾಯ ತೆರಿಗೆಯ ಪೋರ್ಟಲ್‌ಗೆ ಲಾಗಿನ್ ಆಗಿ `View Form 26AS` ಒತ್ತಿದರೆ ಸಿಗುತ್ತದೆ. 2024-25ರ ಲೆಕ್ಕ ಬೇಕಾದರೆ ಅಲ್ಲಿ ಕರ ನಿರ್ಧಾರಣಾ ವರ್ಷ 2025-26 ಎಂದು ಆರಿಸಬೇಕು.

2025ರ ಜೂನ್ ಕೊನೆಯಲ್ಲಿ ನಾನೂ ಭಾಯಿಜಾನ್ ಕೂಡ ಅದನ್ನು ತೆರೆದು ನೋಡಿದೆವು. ಅಲ್ಲಿ ಇದ್ದದ್ದು 12,000 ಮಾತ್ರ. ಉಳಿದ 6,000 ಅಂದರೆ ನಮ್ಮ ಮನೆಯ ಒಂದು ತಿಂಗಳ ಬಾಡಿಗೆ.

ಈಗ ತಾಳೆ ನೋಡಬೇಕು. ಬ್ಯಾಂಕ್ ಹೊಂದಾಣಿಕೆ ತಖ್ತೆಯಲ್ಲಿ ನಗದು ಪುಸ್ತಕವನ್ನೂ ಪಾಸ್ ಪುಸ್ತಕವನ್ನೂ ಸಾಲು ಸಾಲಾಗಿ ಗುರುತು ಹಾಕುತ್ತೇವಲ್ಲ, ಇದೂ ಹಾಗೆಯೇ. ಇಲ್ಲಿ ಪುಸ್ತಕಗಳು ಮೂರು: ಬಿಲ್ಲು, ಬ್ಯಾಂಕಿನ ವಿವರ, 26ಎಎಸ್. ಮಾರ್ಚ್ ಬಿಲ್ಲಿನಲ್ಲಿ ಒಂದು ತೊಡಕಿತ್ತು. ಅದರ ಹಣ ಬ್ಯಾಂಕಿಗೆ ಬಂದದ್ದು ಏಪ್ರಿಲ್‌ನಲ್ಲಿ. ಆದರೂ ಅದರ 3,000 ಟಿಡಿಎಸ್ 2024-25ರಲ್ಲೇ ಕಾಣುತ್ತಿತ್ತು. ಇದು ಸರಿಯೇ. ಹಣ ಕೊಟ್ಟ ದಿನ ಮತ್ತು ಕಂಪನಿಯು ತನ್ನ ಪುಸ್ತಕದಲ್ಲಿ ಜಮಾ ಬರೆದ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ದಿನವೇ ತೆರಿಗೆ ಕಡಿಯಬೇಕು. ಕಂಪನಿ ಮಾರ್ಚ್ 31ಕ್ಕೆ ಜಮಾ ಬರೆದಿತ್ತು. ಬರೀ ಬ್ಯಾಂಕಿನ ವಿವರ ನೋಡಿ ವರ್ಷದ ಮೊತ್ತ ಕೂಡಿದ್ದರೆ 1,35,000 ಮಾತ್ರ ಬರುತ್ತಿತ್ತು, 26ಎಎಸ್ ಜೊತೆ ಎಂದೂ ಹೊಂದುತ್ತಿರಲಿಲ್ಲ. ಜೂನ್, ಸೆಪ್ಟೆಂಬರ್, ಮಾರ್ಚ್ ಸಾಲುಗಳಿಗೆ ಗುರುತು ಬಿತ್ತು. ಡಿಸೆಂಬರ್ ಸಾಲು ಮಾತ್ರ ಉಳಿಯಿತು.

ಅಷ್ಟರಲ್ಲಿ ಆ ಸಾಲು ಬಂದಿರಲೇಬೇಕಿತ್ತು. ಡಿಸೆಂಬರ್‌ನಲ್ಲಿ ಕಡಿದ ತೆರಿಗೆಯನ್ನು ಕಂಪನಿ ಜನವರಿ 7ರೊಳಗೆ ಕಟ್ಟಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ವಿವರಣಾ ಪಟ್ಟಿಯನ್ನು, ಅಂದರೆ ಫಾರಂ 26ಕ್ಯೂವನ್ನು, ಜನವರಿ 31ರೊಳಗೆ ಸಲ್ಲಿಸಬೇಕು. ಅದಾದ ಹದಿನೈದು ದಿನದಲ್ಲಿ, ಅಂದರೆ ಫೆಬ್ರವರಿ 15ರೊಳಗೆ, ಫಾರಂ 16ಎ ಕೊಡಬೇಕು. ಉಳಿದ ಮೂರು ತ್ರೈಮಾಸಿಕಗಳಿಗೆ ಆ ಗಡುವು ಆಗಸ್ಟ್ 15, ನವೆಂಬರ್ 15 ಮತ್ತು ಜೂನ್ 15. ಈ ದಿನಕ್ಕೆ ಮೊದಲೇ ಕೇಳಿದರೆ ಲೆಕ್ಕಿಗರು "ಇನ್ನೂ ಸಮಯವಿದೆ" ಎನ್ನುತ್ತಾರೆ, ಅದು ನ್ಯಾಯವೇ.

ಭಾಯಿಜಾನ್ ಮೊದಲು ಫೋನ್ ಮಾಡಿ "ನನ್ನ ಟಿಡಿಎಸ್ ಬಂದಿಲ್ಲ ಸಾರ್" ಎಂದಾಗ "ನೋಡ್ತೀವಿ" ಎಂಬ ಉತ್ತರ ಸಿಕ್ಕಿತ್ತು. ಆಮೇಲೆ ಲೆಕ್ಕ ವಿಭಾಗಕ್ಕೆ ಇಮೇಲ್ ಬರೆದೆವು. ಕನ್ನಡದಲ್ಲಿ ಅದರ ಸಾರ ಇಷ್ಟು:

"ಮಾನ್ಯರೇ, ಡಿಸೆಂಬರ್ 2024ರ ನನ್ನ ಬಿಲ್ಲಿನ ಮೊತ್ತ 60,000. ಇದರಲ್ಲಿ 6,000 ಟಿಡಿಎಸ್ ಕಡಿದು 54,000 ಪಾವತಿಸಿದ್ದೀರಿ. ಉಳಿದ ಮೂರು ಬಿಲ್ಲುಗಳ 12,000 ನನ್ನ 26ಎಎಸ್‌ನಲ್ಲಿದೆ. ಈ 6,000 ಇಲ್ಲ. ದಯವಿಟ್ಟು ಇದನ್ನು ಕಟ್ಟಿದ ಚಲನ್‌ನ ದಿನಾಂಕ ಮತ್ತು ಸಂಖ್ಯೆಯನ್ನೂ, 26ಕ್ಯೂನಲ್ಲಿ ನಮೂದಿಸಿದ ನನ್ನ ಪ್ಯಾನ್ ಸಂಖ್ಯೆಯನ್ನೂ ತಿಳಿಸಿ. ತಪ್ಪಿದ್ದರೆ ತಿದ್ದುಪಡಿ ಪಟ್ಟಿ ಸಲ್ಲಿಸಿ ನಾಲ್ಕೂ ತ್ರೈಮಾಸಿಕಗಳ ಫಾರಂ 16ಎ ಕಳಿಸಿ. ಬಿಲ್ಲು, ಬ್ಯಾಂಕ್ ವಿವರ, ಪ್ಯಾನ್ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ."

ಈ ಎರಡು ಪ್ರಶ್ನೆಗಳನ್ನು ಬೇಕೆಂದೇ ಕೇಳಿದ್ದು. ಚಲನ್ ಇದ್ದರೆ ಹಣ ಸರ್ಕಾರಕ್ಕೆ ಹೋಗಿದೆ, ತಪ್ಪು ಪಟ್ಟಿಯಲ್ಲಿದೆ ಎಂದರ್ಥ. ಚಲನ್ ಇಲ್ಲದಿದ್ದರೆ ಹಣವೇ ಹೋಗಿಲ್ಲ. 26ಎಎಸ್‌ನಲ್ಲಿ ಸಾಲು ಇದ್ದು, ಅದರ ಮುಂದೆ `F` ಬದಲು `U` ಇದ್ದರೂ ಚಲನ್ ಹೊಂದಿಲ್ಲವೆಂದೇ ತಿಳಿಯಬೇಕು.

ನಾಲ್ಕು ದಿನದಲ್ಲಿ ಉತ್ತರ ಬಂತು. ಹಣ ಜನವರಿ 7ಕ್ಕೇ ಕಟ್ಟಿತ್ತು. ಪಟ್ಟಿಯಲ್ಲಿ ಪ್ಯಾನ್‌ನ ಒಂದು ಅಂಕಿ ತಪ್ಪಾಗಿ ಬಿದ್ದಿತ್ತು. ಕಂಪನಿ ತಿದ್ದುಪಡಿ ಪಟ್ಟಿ ಸಲ್ಲಿಸಿತು. ಕೆಲವು ದಿನಗಳ ನಂತರ 26ಎಎಸ್‌ನಲ್ಲಿ 18,000 ಕಂಡಿತು. ಆಮೇಲೆಯೇ ರಿಟರ್ನ್ ಸಲ್ಲಿಸಿದರು.

ಬಂದ ಫಾರಂ 16ಎಯನ್ನೂ ಪರಿಶೀಲಿಸಬೇಕು. ಅದು ಇಲಾಖೆಯ ಟ್ರೇಸಸ್ ತಾಣದಿಂದ ಇಳಿಸಿಕೊಂಡದ್ದಾಗಿರಬೇಕು. ಪ್ರಮಾಣಪತ್ರದ ಸಂಖ್ಯೆ, ಕಂಪನಿಯ ಟ್ಯಾನ್, ನಮ್ಮ ಪ್ಯಾನ್ ಅದರಲ್ಲಿರಬೇಕು. ಕಂಪನಿಯ ಲೆಟರ್‌ಹೆಡ್ ಮೇಲೆ "ಇಷ್ಟು ಕಡಿದಿದ್ದೇವೆ" ಎಂದು ಟೈಪ್ ಮಾಡಿದ ಹಾಳೆ ಫಾರಂ 16ಎ ಆಗುವುದಿಲ್ಲ.

ಕಂಪನಿ ಕಡಿದ ಹಣವನ್ನು ಕಟ್ಟಿಯೇ ಇಲ್ಲದಿದ್ದರೆ? ಕಾಯ್ದೆಯ 205ನೇ ಕಲಮಿನ ಪ್ರಕಾರ, ಒಮ್ಮೆ ಕಡಿದ ತೆರಿಗೆಯನ್ನು ಇಲಾಖೆ ಮತ್ತೆ ನಮ್ಮಿಂದ ವಸೂಲಿ ಮಾಡುವಂತಿಲ್ಲ. ಆದರೆ ಅದು ವಸೂಲಿಯಿಂದ ಮಾತ್ರ ರಕ್ಷಣೆ. 26ಎಎಸ್‌ನಲ್ಲಿ ಇಲ್ಲದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಕಡಿದದ್ದಕ್ಕೆ ಪುರಾವೆಯನ್ನು ನಾವೇ ತೋರಿಸಬೇಕು. ಪ್ರಮಾಣಪತ್ರ ಕೊಡದ ಕಂಪನಿಗೆ ದಿನಕ್ಕೆ 500 ರೂಪಾಯಿಯಂತೆ, ಆ ತೆರಿಗೆಯ ಮೊತ್ತ ಮೀರದಂತೆ, ದಂಡ ಹಾಕಲು ಅವಕಾಶವಿದೆ. ಆದರೆ ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಮಗಲ್ಲ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಆಮೇಲಿನ ವರ್ಷಗಳಿಗೆ ಕಲಮುಗಳ ಸಂಖ್ಯೆ ಬೇರೆಯಾಗುತ್ತದೆ. ಮೂರು ಪುಸ್ತಕ ತಾಳೆ ನೋಡುವ ಕ್ರಮ ಮಾತ್ರ ಬದಲಾಗುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಬಿಡಿ ಕೆಲಸ ಮಾಡುವವರಿದ್ದರೆ, ರಿಟರ್ನ್ ಸಲ್ಲಿಸುವ ಮೊದಲು ಅವರ ಬಿಲ್ಲುಗಳನ್ನು ಕೇಳಿ ಪಡೆದು ಒಂದೊಂದು ಸಾಲಿಗೂ ಗುರುತು ಹಾಕಿ ನೋಡಿ.