ಕೆಡವಿದರೋ, ಮಾರ್ಪಡಿಸಿದರೋ?

ಮಗೂ, ನೀನು ಕೊಟ್ಟುಹೋದ ಅಭ್ಯಾಸದ ಉತ್ತರವನ್ನು ಎರಡು ಸಲ ಓದಿದೆ. ಐಇಎಲ್‌ಟಿಎಸ್ ಅಕಾಡೆಮಿಕ್ ಬರವಣಿಗೆಯ ಮೊದಲ ಪ್ರಶ್ನೆ. ಕಡಲತೀರದ ಒಂದು ಊರಿನ ಎರಡು ನಕ್ಷೆಗಳು, ಒಂದು 1990ರದು, ಇನ್ನೊಂದು 2010ರದು. ಕಾಗುಣಿತದಲ್ಲಿ ನಿನ್ನದು ತಪ್ಪಿಲ್ಲ. ಆದರೆ ನಕ್ಷೆ ನೋಡದವರು ನಿನ್ನ ಉತ್ತರ ಓದಿದರೆ ಆ ಊರಿಗೆ ಏನಾಯಿತೆಂದು ತಿಳಿಯುವುದಿಲ್ಲ. ಏಳು ಕಡೆ ‘ಚೇಂಜ್ಡ್’ ಅಥವಾ ‘ಡೆವಲಪ್ಡ್’ ಎಂದು ಬರೆದಿದ್ದೀಯ. ಒಂದು ಕಡೆಯಂತೂ ಮನೆಗಳು ‘ಇನ್‌ಕ್ರೀಸ್ಡ್ ಶಾರ್ಪ್ಲಿ’ ಎಂದಿದೆ. ಅದು ಗ್ರಾಫಿನ ಮಾತು. ಗೆರೆ ಏರುತ್ತದೆ, ಇಳಿಯುತ್ತದೆ. ಮನೆ ಏರುವುದಿಲ್ಲ, ಅದನ್ನು ಕಟ್ಟುತ್ತಾರೆ, ಕೆಡವುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಬದಲಾವಣೆಯ ಕ್ರಿಯಾಪದವನ್ನು ನೆನಪಿನಲ್ಲಿರುವ ಪಟ್ಟಿಯಿಂದ ಆರಿಸಬೇಡ, ನಕ್ಷೆಯಲ್ಲಿರುವ ಗೆರೆಯನ್ನು ನೋಡಿ ಆರಿಸು. ನಿನ್ನದೇ ಪ್ರಶ್ನೆಯನ್ನು ಇಟ್ಟುಕೊಂಡು ನೋಡೋಣ.

1990ರ ನಕ್ಷೆಯಲ್ಲಿ ನದಿಯೊಂದು ಉತ್ತರದಿಂದ ಬಂದು ದಕ್ಷಿಣದ ಕಡಲನ್ನು ಸೇರುತ್ತದೆ. ವಾಯವ್ಯದಲ್ಲಿ ಹೊಲ, ಈಶಾನ್ಯದಲ್ಲಿ ಕಾಡು. ನೈಋತ್ಯದಲ್ಲಿ ಮೀನುಗಾರಿಕೆ ಬಂದರು, ಅದರ ಪಕ್ಕದಲ್ಲಿ ಒಂದು ಉಗ್ರಾಣ. ಆಗ್ನೇಯದ ಕಡಲಂಚಿನಲ್ಲಿ ಸಣ್ಣ ಮನೆಗಳ ಸಾಲು. ಊರ ನಡುವೆ ಸೇತುವೆ, ಸೇತುವೆಯ ಬಳಿ ಶಾಲೆ. 2010ರಲ್ಲಿ ಹೊಲವಿದ್ದಲ್ಲಿ ಬಡಾವಣೆ, ಕಾಡಿನ ಅರ್ಧದಲ್ಲಿ ಗಾಲ್ಫ್ ಮೈದಾನ, ಉಗ್ರಾಣವಿದ್ದಲ್ಲಿ ಮ್ಯೂಸಿಯಂ, ಮನೆಸಾಲಿನ ಜಾಗದಲ್ಲಿ ಒಂದು ದೊಡ್ಡ ಹೋಟೆಲ್.

ಉಗ್ರಾಣವನ್ನು ಮೊದಲು ನೋಡು. ಎರಡೂ ನಕ್ಷೆಗಳಲ್ಲಿ ಆ ಚೌಕದ ಆಕಾರ, ಅಳತೆ, ಜಾಗ ಒಂದೇ; ಹೆಸರು ಮಾತ್ರ ಬೇರೆ. ಕಟ್ಟಡ ಉಳಿದು ಬಳಕೆ ಬದಲಾಗಿದೆ ಎಂಬುದು ಗೆರೆಯಿಂದಲೇ ತಿಳಿಯುತ್ತದೆ. ಇಲ್ಲಿಗೆ ‘ವಾಸ್ ಕನ್ವರ್ಟೆಡ್ ಇನ್‌ಟು’ ಸರಿಯಾದ ಮಾತು. ಈಗ ಹೋಟೆಲಿಗೆ ಬಾ. ಆರು ಸಣ್ಣ ಚೌಕಗಳು ಮಾಯವಾಗಿ ಒಂದು ದೊಡ್ಡ ಆಯತ ಬಂದಿದೆ. ನೀನು ಇಲ್ಲೂ ‘ಕನ್ವರ್ಟೆಡ್’ ಎಂದೇ ಬರೆದೆ. ಹಾಗೆಂದರೆ ಆ ಮನೆಗಳನ್ನೇ ಹೋಟೆಲಾಗಿ ಮಾಡಿಕೊಂಡರು ಎಂದಾಯಿತು. ಇಲ್ಲಿ ಬೇಕಾದದ್ದು ‘ವರ್ ಡೆಮಾಲಿಶ್ಡ್’, ಅಂದರೆ ಕೆಡವಲಾಯಿತು. ಆಮೇಲೆ ಹೋಟೆಲ್ ಕಟ್ಟಲಾಯಿತು. ಗೆರೆ ಸ್ಪಷ್ಟವಿಲ್ಲದಿದ್ದರೆ ‘ವರ್ ರಿಪ್ಲೇಸ್ಡ್ ಬೈ’ ಎನ್ನು. ಇದ್ದದ್ದರ ಜಾಗಕ್ಕೆ ಇನ್ನೊಂದು ಬಂತು ಎಂದಷ್ಟೇ ಅದು ಹೇಳುತ್ತದೆ, ನಕ್ಷೆ ಹೇಳದ್ದನ್ನು ಸೇರಿಸುವುದಿಲ್ಲ.

ಕಾಡಿನದು ಇನ್ನೊಂದು ಬಗೆ. ಕಾಡನ್ನು ಕೆಡವುವುದಿಲ್ಲ, ಕಡಿಯುತ್ತಾರೆ, ಹಾಗಾಗಿ ‘ಕ್ಲಿಯರ್ಡ್’. ಆದರೆ ಅರ್ಧ ಕಾಡು ಇನ್ನೂ ಇದೆಯಲ್ಲ? ಅದನ್ನು ಬಿಟ್ಟರೆ ವಾಕ್ಯ ಸುಳ್ಳಾಗುತ್ತದೆ. ‘ಹಾಫ್ ಆಫ್ ದ ಫಾರೆಸ್ಟ್ ವಾಸ್ ಕ್ಲಿಯರ್ಡ್ ಟು ಮೇಕ್ ವೇ ಫಾರ್’ ಎಂದು ಬರೆ. ಗಾಲ್ಫ್ ಮೈದಾನಕ್ಕೆ ಜಾಗ ಮಾಡಿಕೊಡಲು ಎಂಬ ಅರ್ಥವೂ ಆ ಒಂದೇ ವಾಕ್ಯದಲ್ಲಿ ಬಂದುಬಿಡುತ್ತದೆ.

ನಮ್ಮ ಕನ್ನಡದಿಂದ ಬರುವ ಒಂದು ತೊಡಕೂ ನಿನ್ನ ಉತ್ತರದಲ್ಲಿದೆ. ‘ಸೇತುವೆ ಕಟ್ಟಿದರು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಯಾರು ಎಂದು ಯಾರೂ ಕೇಳುವುದಿಲ್ಲ. ಅದನ್ನೇ ಇಂಗ್ಲಿಷಿಗೆ ತಂದು ನೀನು ‘ದೆ ಬಿಲ್ಟ್’ ಎಂದಿದ್ದೀಯ. ಅಲ್ಲಿ ‘ದೆ’ ಎಂದರೆ ಹಿಂದೆ ಹೇಳಿದ ಯಾರೋ ಇರಬೇಕು. ನಕ್ಷೆಯಲ್ಲಿ ಅಂಥವರು ಯಾರೂ ಇಲ್ಲ. ಅದಕ್ಕೇ ಈ ಬರವಣಿಗೆ ಕರ್ಮಣಿ ಪ್ರಯೋಗವನ್ನು ಬೇಡುತ್ತದೆ: ‘ವಾಸ್ ಬಿಲ್ಟ್’, ‘ವಾಸ್ ಕನ್‌ಸ್ಟ್ರಕ್ಟೆಡ್’. ಕಾಲವನ್ನು ನಕ್ಷೆಯ ತಲೆಬರಹದಿಂದ ತಿಳಿ. ಎರಡೂ ಮುಗಿದ ವರ್ಷಗಳಾದ್ದರಿಂದ ಇಲ್ಲಿ ಸರಳ ಭೂತಕಾಲ ಸಾಕು. ಎರಡನೆಯ ನಕ್ಷೆಯ ಮೇಲೆ ‘ಈಗ’ ಎಂದಿದ್ದರೆ ‘ಹ್ಯಾಸ್ ಬೀನ್ ಬಿಲ್ಟ್’. ಮುಂದಿನ ಯೋಜನೆಯ ನಕ್ಷೆಯಾದರೆ ‘ವಿಲ್ ಬಿ ಬಿಲ್ಟ್’.

ದಿಕ್ಕಿನ ವಿಷಯದಲ್ಲಿ ಮಾತ್ರ ಕನ್ನಡ ನಿನಗೆ ನೆರವಾಗುತ್ತದೆ. ‘ಊರಿನ ಉತ್ತರ ಭಾಗದಲ್ಲಿ’ ಎಂದರೆ ಊರೊಳಗೆ, ‘ಊರಿನ ಉತ್ತರಕ್ಕೆ’ ಎಂದರೆ ಊರಿನಾಚೆ. ಮೊದಲನೆಯದು ‘ಇನ್ ದ ನಾರ್ತ್ ಆಫ್’, ಎರಡನೆಯದು ‘ಟು ದ ನಾರ್ತ್ ಆಫ್’. ಬರೆಯುವ ಮುಂಚೆ ಮನಸ್ಸಿನಲ್ಲಿ ಕನ್ನಡದಲ್ಲೊಮ್ಮೆ ಹೇಳಿಕೋ, ತಪ್ಪುವುದಿಲ್ಲ. ದಿಕ್ಸೂಚಿಯ ಬಾಣ ಯಾವ ಕಡೆಗಿದೆಯೆಂದೂ ನೋಡಿಕೋ.

ಇನ್ನು ನಿನ್ನ ಉತ್ತರದಲ್ಲಿ ಇಲ್ಲದೇ ಇದ್ದದ್ದು, ಅಂದರೆ ಒಟ್ಟು ನೋಟ. ಪರೀಕ್ಷಕರು ‘ಓವರ್‌ವ್ಯೂ’ ಎನ್ನುವುದು ಇದನ್ನೇ. ನಾಲ್ಕು ಅಳತೆಗೋಲುಗಳಿಗೆ ಸಮಪಾಲು ಅಂಕವಿದೆ. ಅದರಲ್ಲಿ ಕೇಳಿದ್ದಕ್ಕೆ ಉತ್ತರಿಸಿದ್ದೀಯೇ ಎಂಬುದು ಒಂದು. ಆ ಅಳತೆಯಲ್ಲಿ 7ರ ಬ್ಯಾಂಡ್ ಸಿಗಬೇಕಾದರೆ ಸ್ಪಷ್ಟವಾದ ಒಟ್ಟು ನೋಟ ಇರಲೇಬೇಕು. ಎರಡು ನಕ್ಷೆಗಳನ್ನೂ ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡು. ಮೊದಲಿಗೆ ಕಾಣುವುದೇನು? ಹೊಲ, ಕಾಡು, ಮೀನುಗಾರಿಕೆಯ ಊರೊಂದು ವಾಸದ ಮತ್ತು ವಿಹಾರದ ಊರಾಗಿದೆ, ಹಸಿರು ಕಡಿಮೆಯಾಗಿದೆ, ಆದರೂ ನದಿ, ಶಾಲೆ, ಸೇತುವೆ ಇದ್ದಲ್ಲೇ ಇವೆ. ಇದನ್ನು ಎರಡು ವಾಕ್ಯಗಳಲ್ಲಿ, ಪೀಠಿಕೆಯ ಬೆನ್ನಿಗೇ ಬರೆದುಬಿಡು. ‘ಪ್ರವಾಸಿಗರು ಹೆಚ್ಚಿದ್ದರಿಂದ’ ಎಂಬ ಕಾರಣ ಮಾತ್ರ ಬೇಡ. ನಕ್ಷೆ ಏನಾಯಿತೆಂದು ತೋರಿಸುತ್ತದೆ, ಏಕಾಯಿತೆಂದು ತೋರಿಸುವುದಿಲ್ಲ.

ಆಮೇಲೆ ವಿವರ. ನೀನು ಮೊದಲು 1990ರ ಊರನ್ನೆಲ್ಲ ಹೇಳಿ, ಬಳಿಕ 2010ರದನ್ನೆಲ್ಲ ಹೇಳಿದೆ. ಹಾಗೆ ಮಾಡಿದರೆ ಹೋಲಿಕೆಯ ಕೆಲಸ ಓದುಗರ ತಲೆಯ ಮೇಲೆ ಬೀಳುತ್ತದೆ. ನದಿಯನ್ನೇ ಗಡಿ ಮಾಡಿಕೋ. ಒಂದು ಪ್ಯಾರಾದಲ್ಲಿ ಪಶ್ಚಿಮ ದಂಡೆ: ಹೊಲ, ಬಂದರು, ಉಗ್ರಾಣ. ಇನ್ನೊಂದರಲ್ಲಿ ಪೂರ್ವ ದಂಡೆ: ಕಾಡು, ಮನೆಸಾಲು. ಪ್ರತಿ ಜಾಗಕ್ಕೂ ಅಂದು ಏನಿತ್ತು, ಇಂದು ಏನಿದೆ ಎಂಬುದು ಒಂದೇ ವಾಕ್ಯದಲ್ಲಿ ಬರಲಿ.

ಸಮಯದ ಲೆಕ್ಕವನ್ನೂ ಇಟ್ಟುಕೋ. ಇದಕ್ಕೆ ಸೂಚಿಸಿರುವುದು 20 ನಿಮಿಷ, ಕನಿಷ್ಠ 150 ಪದ. ಮುಂದಿನ ಪ್ರಬಂಧಕ್ಕೆ 40 ನಿಮಿಷ, ಅದರ ತೂಕ ಇದರ ಎರಡರಷ್ಟು. ಅದರ ಹೊತ್ತನ್ನು ಕದಿಯಬೇಡ. ಮೊದಲ 4 ನಿಮಿಷ ಪೆನ್ನು ಓಡಿಸದೆ ನಕ್ಷೆಗಳನ್ನು ನೋಡು. ಬದಲಾದದ್ದಕ್ಕೆ ಗುಂಡು ಸುತ್ತು, ಬದಲಾಗದ್ದಕ್ಕೆ ಅಡ್ಡಗೆರೆ ಎಳೆ. ಕಂಪ್ಯೂಟರಿನಲ್ಲಿ ಬರೆಯುವೆಯಾದರೆ ಕೊಡುವ ಹಾಳೆಯ ಮೇಲೆ ಎರಡು ಸಾಲು ಪಟ್ಟಿ ಮಾಡಿಕೊಂಡರಾಯಿತು. ಕೊನೆಯ 3 ನಿಮಿಷ, ಪ್ರತಿ ಕ್ರಿಯಾಪದದ ಮೇಲೂ ಬೆರಳಿಟ್ಟು ನಕ್ಷೆಯಲ್ಲಿ ಅದರ ಗುರುತು ಹುಡುಕು. ಗುರುತು ಸಿಗದ ಕ್ರಿಯಾಪದವನ್ನು ಹೊಡೆದುಹಾಕು.

ಆ ಅಡ್ಡಗೆರೆಯನ್ನು ನಾನು ಸುಮ್ಮನೆ ಹೇಳಲಿಲ್ಲ. ನಿನ್ನ ಉತ್ತರದಲ್ಲಿ ಶಾಲೆಯ ಮಾತೇ ಇಲ್ಲ. ಕೇಳಿದರೆ ‘ಅದು ಬದಲಾಗಲಿಲ್ಲವಲ್ಲ ಮಾವ’ ಎಂದೆ. ಇಪ್ಪತ್ತು ವರ್ಷದಲ್ಲಿ ಸುತ್ತಲಿನದೆಲ್ಲ ಮಾರ್ಪಟ್ಟ ಊರಿನಲ್ಲಿ ಒಂದು ಕಟ್ಟಡ ಇದ್ದಲ್ಲೇ ಇದ್ದರೆ ಅದೂ ಹೋಲಿಕೆಯಲ್ಲಿ ಸಿಕ್ಕ ಸಂಗತಿಯೇ. ‘ರಿಮೇನ್ಡ್ ಅನ್‌ಚೇಂಜ್ಡ್’ ಎಂಬ ಎರಡು ಪದ ಅದಕ್ಕೆ ಸಾಕು. ಇದೇ ಪ್ರಶ್ನೆಯನ್ನು ನಾಳೆ ಮತ್ತೊಮ್ಮೆ ಬರೆದು ತಾ. ಸೇತುವೆಯ ಬಳಿ ಶಾಲೆ ಇದೆಯೇ ಎಂದು ಮೊದಲು ನೋಡುತ್ತೇನೆ.