ಪಾಸ್‌ವರ್ಡು ಬದಲಾದಾಗ ಮೌನವಾಗುವ ಯಂತ್ರಗಳು

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗ ‘ಸ್ಮಾರ್ಟ್ ಪ್ಲಗ್ಗು’ ಎಂಬ ಚಿಕ್ಕ ಪೆಟ್ಟಿಗೆಯನ್ನೂ, ಗೋಡೆಯ ಮೇಲೆ ಕುಳಿತು ಕೋಣೆಯನ್ನು ನೋಡುತ್ತಿರುವ ಕ್ಯಾಮರಾವನ್ನೂ ಕಾಣಬಹುದು. ಸ್ವಿಚ್‌ಬೋರ್ಡಿನ ತೂತುಗಳಲ್ಲಿ ಈ ಪ್ಲಗ್ಗನ್ನು ಸಿಕ್ಕಿಸಿ, ಅದರ ಮುಖಕ್ಕೆ ದೀಪದ ತಂತಿಯನ್ನು ಚುಚ್ಚಿದರೆ, ಎಷ್ಟೇ ದೂರದಲ್ಲಿದ್ದರೂ ಫೋನಿನಿಂದ ಆ ದೀಪವನ್ನು ಹೊತ್ತಿಸಬಹುದು, ಆರಿಸಬಹುದು. ಇವೆಲ್ಲವೂ ಮನೆಯ ವೈ-ಫೈಯನ್ನು ಆಶ್ರಯಿಸಿಕೊಂಡು ಬದುಕುವ ಯಂತ್ರಗಳು. ಆ ವೈ-ಫೈಯ ಪಾಸ್‌ವರ್ಡನ್ನು ಬದಲಾಯಿಸಿದ ದಿನ ಇವು ಒಮ್ಮೆಗೇ ಮೌನವಾಗುತ್ತವೆ. ಅದೇಕೆ ಹಾಗೆ, ಮತ್ತು ಇವುಗಳನ್ನು ಮರಳಿ ಸೇರಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಉದಾಹರಣೆಗಾಗಿ ಮುಂಬಯಿಯ ಮಾಟುಂಗದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹಜಾರದಲ್ಲಿ ರೌಟರು ಇದೆ. ಒಳಕೋಣೆಯಲ್ಲಿ ವಯಸ್ಸಾದ ಅಜ್ಜಿ ಹಗಲೆಲ್ಲ ಒಬ್ಬರೇ ಇರುತ್ತಾರೆ. ಅಲ್ಲೊಂದು ಕ್ಯಾಮರಾ ಉಂಟು. ತಾಯಿ ಕಚೇರಿಯಿಂದ ಆಗಾಗ ಫೋನಿನಲ್ಲಿ ನೋಡಿ, ಅಜ್ಜಿ ಊಟ ಮಾಡಿದರೇ, ಮಲಗಿದರೇ ಎಂದು ತಿಳಿದುಕೊಳ್ಳುತ್ತಾರೆ. ಎರಡು ಪ್ಲಗ್ಗುಗಳಲ್ಲಿ ಒಂದು ಸಂಜೆ ಆರಕ್ಕೆ ಸೊಳ್ಳೆಯ ಔಷಧದ ಯಂತ್ರವನ್ನು ಚಾಲೂ ಮಾಡುತ್ತದೆ, ಇನ್ನೊಂದು ರಾತ್ರಿ ಅಜ್ಜಿಯ ಮಂಚದ ಬಳಿಯ ದೀಪವನ್ನು ಹೊತ್ತಿಸುತ್ತದೆ. ಪಾಸ್‌ವರ್ಡು ನೆರೆಹೊರೆಗೆಲ್ಲ ತಿಳಿದುಹೋಯಿತೆಂದು ತಂದೆ ಒಂದು ಭಾನುವಾರ ಅದನ್ನು ಬದಲಾಯಿಸಿದರು. ಎಲ್ಲರ ಫೋನುಗಳೂ ಹೊಸ ಪಾಸ್‌ವರ್ಡನ್ನು ಕೇಳಿದವು, ಹಾಕಿದರು, ಸರಿಹೋಯಿತು. ಕ್ಯಾಮರಾ ಮಾತ್ರ ಏನನ್ನೂ ಕೇಳಲಿಲ್ಲ. ಸೋಮವಾರ ಮಧ್ಯಾಹ್ನ ತಾಯಿ ಕಚೇರಿಯಲ್ಲಿ ನೋಡಿದಾಗ ಪರದೆಯ ಮೇಲೆ ‘Offline’ ಎಂಬ ಒಂದೇ ಪದವಿತ್ತು.

ಫೋನು ಕೇಳಿತು, ಕ್ಯಾಮರಾ ಏಕೆ ಕೇಳಲಿಲ್ಲ? ಕೇಳುವುದಕ್ಕೆ ಅದಕ್ಕೆ ಪರದೆಯೂ ಇಲ್ಲ, ಅಕ್ಷರ ಒತ್ತುವ ಕೀಲಿಮಣೆಯೂ ಇಲ್ಲ. ಮೊದಲ ದಿನ ಅದಕ್ಕೆ ಎರಡು ಸಂಗತಿಗಳನ್ನು ಹೇಳಿಕೊಟ್ಟಿದ್ದರು: ವೈ-ಫೈಯ ಹೆಸರು ಒಂದು, ಪಾಸ್‌ವರ್ಡು ಇನ್ನೊಂದು. ಅವೆರಡನ್ನೂ ಅದು ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಂಡಿದೆ. 2004ರಲ್ಲಿ ಅಂಗೀಕೃತವಾದ ಭದ್ರತೆಯ ಪದ್ಧತಿಯಲ್ಲಿ, ಅಂದರೆ ಮನೆಗಳಲ್ಲಿ ಇಂದಿಗೂ ಬಹಳವಾಗಿ ಬಳಕೆಯಲ್ಲಿರುವ `WPA2`ದಲ್ಲಿ, ಪಾಸ್‌ವರ್ಡನ್ನು ಯಾರೂ ಗಾಳಿಯಲ್ಲಿ ಕಳುಹಿಸುವುದಿಲ್ಲ. ಹೆಸರನ್ನೂ ಪಾಸ್‌ವರ್ಡನ್ನೂ ಸೇರಿಸಿ 4096 ಸಲ ಒಂದು ಗಣಿತಕ್ರಿಯೆಗೆ ಒಳಪಡಿಸಿ, ರೌಟರೂ ಯಂತ್ರವೂ ತಮ್ಮ ತಮ್ಮಲ್ಲೇ ಒಂದು ಉದ್ದನೆಯ ಕೀಲಿಯನ್ನು ತಯಾರಿಸಿಕೊಳ್ಳುತ್ತವೆ. ಬಳಿಕ ತಮ್ಮಲ್ಲಿರುವುದು ಒಂದೇ ಕೀಲಿ ಎಂಬುದಕ್ಕೆ ಪರಸ್ಪರ ಪ್ರಮಾಣವನ್ನು ತೋರಿಸುತ್ತವೆ. ಹಳೆಯ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿ ಹೊಸ ಕೀಲಿಗೆ ಎಳ್ಳಷ್ಟೂ ಹೊಂದದು. ರೌಟರು ಬಾಗಿಲು ತೆರೆಯುವುದಿಲ್ಲ. ಯಂತ್ರವಾದರೋ ಪಾಸ್‌ವರ್ಡು ಬದಲಾದುದನ್ನು ಅರಿಯದೆ ಹಳೆಯ ಕೀಲಿಯನ್ನೇ ಮತ್ತೆ ಮತ್ತೆ ತೋರಿಸುತ್ತಿರುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿರಿ. ಕೀಲಿಯನ್ನು ಮಾಡಲು ಬೇಕಾದುದು ಹೆಸರು ಮತ್ತು ಪಾಸ್‌ವರ್ಡು ಮಾತ್ರ; ರೌಟರಿನ ಗುರುತು ಬೇಕಿಲ್ಲ. ಆದುದರಿಂದ ಹಳೆಯ ರೌಟರು ಕೆಟ್ಟು ಹೊಸದನ್ನು ತಂದಾಗ, ಹೊಸದಕ್ಕೂ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರವೂ ತಪ್ಪದಂತೆ ಇಟ್ಟರೆ, ಭದ್ರತೆಯ ಪದ್ಧತಿಯೂ ಮೊದಲಿನದೇ ಆಗಿದ್ದರೆ, ಯಂತ್ರಗಳು ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಆದರೆ ನಮ್ಮ ಉದಾಹರಣೆಯ ಮನೆಯಲ್ಲಿ ಪಾಸ್‌ವರ್ಡು ಬದಲಾಗಲೇಬೇಕಾಗಿತ್ತು. ಅಲ್ಲಿ ಈ ಉಪಾಯ ಸಲ್ಲದು.

ಸರಿ, ಹೊಸ ಪಾಸ್‌ವರ್ಡನ್ನು ಯಂತ್ರಕ್ಕೆ ಹೇಳಿಕೊಡೋಣವೆಂದು ತಾಯಿ ಆ ಸಂಜೆ ಫೋನನ್ನು ಹಿಡಿದು ಕುಳಿತರು. ಮೂರು ಸಲ ಪ್ರಯತ್ನಿಸಿದರೂ ಪ್ಲಗ್ಗು ಸೇರಲಿಲ್ಲ. ಹೆಚ್ಚಿನ ಜನ ಕೈಚೆಲ್ಲುವುದು ಇಲ್ಲಿಯೇ. ಕಾರಣ ಪಾಸ್‌ವರ್ಡಿನಲ್ಲಿಲ್ಲ, ಅಲೆಗಳಲ್ಲಿದೆ.

ಮನೆಯ ರೌಟರು ಸಾಮಾನ್ಯವಾಗಿ ಎರಡು ಬ್ಯಾಂಡುಗಳಲ್ಲಿ ಮಾತನಾಡುತ್ತದೆ: ಒಂದು 2.4 ಗಿಗಾಹರ್ಟ್ಸ್, ಮತ್ತೊಂದು 5 ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆಂದು ನೀವು ಓದಿರಬಹುದು. ಆ ಲೆಕ್ಕದಂತೆ ಮೊದಲನೆಯದರ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರು, ಎರಡನೆಯದರದು ಅದರ ಅರ್ಧಕ್ಕಿಂತಲೂ ತುಸು ಕಡಿಮೆ. ಉದ್ದ ಅಲೆ ಇಟ್ಟಿಗೆಯ ಗೋಡೆಗಳನ್ನು ದಾಟಿ ಒಳಕೋಣೆಯವರೆಗೂ ಹೆಚ್ಚು ಬಲದಿಂದ ತಲುಪುತ್ತದೆ. ಚಿಕ್ಕದು ಗೋಡೆಗಳಲ್ಲಿ ಬೇಗನೆ ಸೊರಗುತ್ತದೆ, ಆದರೆ ಹತ್ತಿರದಲ್ಲಿ ಬಹಳ ವೇಗವಾಗಿ ಸುದ್ದಿಯನ್ನು ಒಯ್ಯುತ್ತದೆ. ದೀಪವನ್ನು ಆರಿಸೆಂಬ ಆಜ್ಞೆಗೆ ವೇಗವೇತಕ್ಕೆ? ಅದಕ್ಕಾಗಿ ಅಗ್ಗದ ಪ್ಲಗ್ಗುಗಳಲ್ಲಿಯೂ ಬಹುಪಾಲು ಮನೆಯ ಕ್ಯಾಮರಾಗಳಲ್ಲಿಯೂ 2.4ರ ರೇಡಿಯೋ ಒಂದನ್ನೇ ಇಟ್ಟಿರುತ್ತಾರೆ. 5ರ ಬ್ಯಾಂಡಿಗೆ ಅವು ಪೂರ್ತಿಯಾಗಿ ಕಿವುಡು.

ತಾಯಿಯ ಫೋನು ಎರಡನ್ನೂ ಕೇಳಬಲ್ಲುದು. ರೌಟರು ಎರಡು ಬ್ಯಾಂಡುಗಳಿಗೂ ಒಂದೇ ಹೆಸರನ್ನಿಟ್ಟು ವೇಗದ ಕಡೆಗೇ ಫೋನನ್ನು ತಳ್ಳುತ್ತಿತ್ತು. ಹೀಗಿರುವಾಗ ಕೆಲವು ಪ್ಲಗ್ಗುಗಳಿಗೆ ಪಾಸ್‌ವರ್ಡನ್ನು ಕಲಿಸುವ ರೀತಿ ಬಹು ವಿಚಿತ್ರವಾದುದು. ಇನ್ನೂ ಜಾಲಕ್ಕೆ ಸೇರದ ಪ್ಲಗ್ಗಿಗೆ ಗುಪ್ತಲಿಪಿಯಲ್ಲಿ ಹೋಗುವ ಸಂದೇಶಗಳನ್ನು ಓದಲಾಗದಷ್ಟೆ? ಆದರೂ ಪ್ರತಿಯೊಂದು ಸಂದೇಶದ ಪೊಟ್ಟಣ ಎಷ್ಟು ಉದ್ದವಾಗಿದೆ ಎಂಬುದು ಹೊರಗಿನಿಂದಲೇ ತಿಳಿಯುತ್ತದೆ. ಫೋನು ಬೇರೆ ಬೇರೆ ಉದ್ದದ ಪೊಟ್ಟಣಗಳನ್ನು ಸಾಲಾಗಿ ಕಳುಹಿಸಿ, ಆ ಉದ್ದಗಳನ್ನೇ ಅಕ್ಷರಗಳನ್ನಾಗಿ ಬಳಸಿ ಪಾಸ್‌ವರ್ಡನ್ನು ಸೂಚಿಸುತ್ತದೆ. ಲಕೋಟೆ ಒಡೆಯದೆ, ಲಕೋಟೆಗಳ ಅಳತೆಯಿಂದಲೇ ಕಾಗದ ಓದಿದಂತೆ! ಫೋನು ಇದನ್ನು 5ರಲ್ಲಿ ಮಾಡುತ್ತಿದ್ದರೆ ಕಿವುಡ ಪ್ಲಗ್ಗಿಗೆ ಅದು ಕೇಳಿಸದು. ರೌಟರು ಆ ಪೊಟ್ಟಣಗಳನ್ನು 2.4ರಲ್ಲಿಯೂ ಮರುಬಿತ್ತರಿಸಿದರೆ ಕೆಲಸ ಸಾಗೀತು. ಒಂದು ಮನೆಯಲ್ಲಿ ಆದುದು ಇನ್ನೊಂದು ಮನೆಯಲ್ಲಿ ಆಗದಿರುವುದಕ್ಕೆ ಇದೂ ಒಂದು ಕಾರಣ. ಈಚಿನ ಅನೇಕ ಪ್ಲಗ್ಗುಗಳು ಪಾಸ್‌ವರ್ಡನ್ನು ಬ್ಲೂಟೂತ್ ಮೂಲಕ ಪಡೆಯುತ್ತವೆ. ಅವುಗಳಿಗೆ ಈ ತೊಡಕಿಲ್ಲ. ಆದರೆ ಫೋನು ತಿಳಿಸುವ ಹೆಸರು 2.4ರಲ್ಲಿ ಇರಲೇಬೇಕು ಎಂಬ ನಿಯಮ ಅವುಗಳಿಗೂ ತಪ್ಪಿದ್ದಲ್ಲ.

ಆ ಮನೆಯಲ್ಲಿ ಮುಂದೆ ಮಾಡಿದುದನ್ನು ಕ್ರಮವಾಗಿ ನೋಡೋಣ. ತಂದೆ ಬ್ರೌಸರಿನಲ್ಲಿ ರೌಟರಿನ ವಿಳಾಸವನ್ನು ತೆರೆದರು. ಇದು ಅನೇಕ ಮನೆಗಳಲ್ಲಿ `192.168.0.1` ಅಥವಾ `192.168.1.1`. ನಿಮ್ಮದು ರೌಟರಿನ ತಳದ ಚೀಟಿಯಲ್ಲಿ ಇರುತ್ತದೆ. ಅಲ್ಲಿ `Smart Connect` ಎಂಬುದನ್ನು ನಿಲ್ಲಿಸಿದೊಡನೆ ಎರಡು ಬ್ಯಾಂಡುಗಳಿಗೂ ಬೇರೆ ಬೇರೆ ಹೆಸರಿಡುವ ಅವಕಾಶ ದೊರೆಯಿತು. ಕೆಲವು ರೌಟರುಗಳಲ್ಲಿ ಇದಕ್ಕೆ `Band Steering` ಎಂದು ಹೆಸರು. ಮನೆಯ ಮೂಲ ಹೆಸರನ್ನು 2.4ಕ್ಕೇ ಉಳಿಸಿ, 5ಕ್ಕೆ ಮಾತ್ರ ಬಾಲ ಸೇರಿಸಿದರು:

```
2.4 GHz   Kaveri      WPA2-PSK
5 GHz     Kaveri_5G   WPA2-PSK
```

ಭದ್ರತೆಯ ಸಾಲನ್ನು ನೋಡಿದುದಕ್ಕೂ ಕಾರಣವುಂಟು. 2018ರಲ್ಲಿ ಬಂದ `WPA3` ಒಂದನ್ನೇ ಆರಿಸಿದ್ದರೆ ಹಳೆಯ ಯಂತ್ರಗಳು ಬ್ಯಾಂಡು ಸರಿಯಿದ್ದರೂ ಸೇರಲಾರವು.

ಅನಂತರ ತಾಯಿ ಫೋನನ್ನು `Kaveri`ಗೆ ಸೇರಿಸಿದರು. ಆ್ಯಪಿನಲ್ಲಿದ್ದ ಹಳೆಯ ಪ್ಲಗ್ಗನ್ನು ಅಳಿಸಿಹಾಕಲು ಹೊರಟಾಗ ತಂದೆ ತಡೆದರು. ಅಳಿಸಿದರೆ ಸಂಜೆ ಆರರ ವೇಳಾಪಟ್ಟಿಯೂ ಅದರೊಡನೆ ಹೋಗುತ್ತದೆ. ಅಳಿಸದೆ ಅದೇ ಖಾತೆಗೆ ಮರಳಿ ಸೇರಿಸಿದರೆ ಅನೇಕ ಆ್ಯಪುಗಳಲ್ಲಿ ಹೆಸರೂ ವೇಳಾಪಟ್ಟಿಯೂ ಉಳಿದುಕೊಳ್ಳುತ್ತವೆ. ಪ್ಲಗ್ಗಿನ ಗುಂಡಿಯನ್ನು ಸುಮಾರು ಐದು ಸೆಕೆಂಡು ಒತ್ತಿಹಿಡಿದಾಗ ಅದರ ಪುಟ್ಟ ದೀಪ ಬೇಗ ಬೇಗ ಮಿಣುಕತೊಡಗಿತು. ‘ನಾನು ಕಲಿಯಲು ಸಿದ್ಧ’ ಎಂಬುದೇ ಇದರ ಅರ್ಥ. ಎಷ್ಟು ಹೊತ್ತು ಒತ್ತಬೇಕೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಕೆಲವದರಲ್ಲಿ ಹೆಚ್ಚು ಹೊತ್ತು ಒತ್ತಿದರೆ ಎಲ್ಲ ನೆನಪೂ ಅಳಿಸುವುದರಿಂದ, ಕೈಪಿಡಿಯನ್ನು ನೋಡಿ ಒತ್ತುವುದು ಲೇಸು. ಪಾಸ್‌ವರ್ಡನ್ನು ಬರೆದು ಒಂದು ನಿಮಿಷ ಕಾದರು. ಮಿಣುಕು ನಿಂತಿತು, ಪ್ಲಗ್ಗು ಸೇರಿತು.

ಎರಡನೆಯ ಪ್ಲಗ್ಗು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಅದಕ್ಕೆ ಗುಂಡಿಯನ್ನು ಇನ್ನೊಮ್ಮೆ ಒತ್ತಿಹಿಡಿದು ನಿಧಾನವಾಗಿ ಮಿಣುಕುವಂತೆ ಮಾಡಿದರು. ಈ ಸ್ಥಿತಿಯಲ್ಲಿ ಪ್ಲಗ್ಗು ತಾನೇ ಒಂದು ಪುಟ್ಟ ವೈ-ಫೈಯಾಗಿ ನಿಲ್ಲುತ್ತದೆ. ಫೋನನ್ನು ಅದಕ್ಕೆ ಸೇರಿಸಿದರೆ ಪಾಸ್‌ವರ್ಡು ನೇರವಾಗಿ ದಾಟುತ್ತದೆ. ‘ಇಲ್ಲಿ ಇಂಟರ್ನೆಟ್ ಇಲ್ಲ’ ಎಂದು ಫೋನು ತಕರಾರು ಮಾಡಿ ಮೊಬೈಲ್ ಡೇಟಾದ ಕಡೆಗೆ ಜಾರುವುದುಂಟು. ಆ ಡೇಟಾವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು.

ಕ್ಯಾಮರಾಕ್ಕೆ ಕಣ್ಣಿದೆಯಲ್ಲವೆ? ಅದಕ್ಕೆ ಕಲಿಸುವುದು ಆ ಕಣ್ಣಿನ ಮೂಲಕವೇ. ರೀಸೆಟ್ ಗುಂಡಿಯನ್ನು ಸೂಜಿಮೊನೆಯಿಂದ ಒತ್ತಿದಾಗ ಅದು ಸದ್ದು ಮಾಡಿತು. ಆ್ಯಪು ಹೆಸರನ್ನೂ ಪಾಸ್‌ವರ್ಡನ್ನೂ ಒಂದು ಕ್ಯೂಆರ್ ಚೌಕವನ್ನಾಗಿ ಪರದೆಯ ಮೇಲೆ ಬಿಡಿಸಿತು. ಫೋನನ್ನು ಗೇಣುದ್ದ ದೂರದಲ್ಲಿ ಹಿಡಿದು ಮೆಲ್ಲನೆ ಹಿಂದೆ ಮುಂದೆ ಸರಿಸಿದಾಗ ಕ್ಯಾಮರಾ ಅದನ್ನು ಓದಿತು. ಪರದೆಯ ಬೆಳಕು ತೀರ ಮಂದವಾಗಿದ್ದರೂ, ಗಾಜಿನಲ್ಲಿ ಟ್ಯೂಬ್‌ಲೈಟು ಪ್ರತಿಫಲಿಸುತ್ತಿದ್ದರೂ ಓದಲಾರದು. ಒಳಗಿನ ಮೆಮೊರಿ ಕಾರ್ಡಿನಲ್ಲಿ ಭಾನುವಾರದಿಂದಾಚೆಗಿನ ಚಿತ್ರಗಳೂ ಇದ್ದವು. ಜಾಲ ಕಳೆದುಕೊಂಡಿದ್ದರೂ ಕ್ಯಾಮರಾ ನೋಡುವುದನ್ನು ಬಿಟ್ಟಿರಲಿಲ್ಲ; ಕಂಡುದನ್ನು ಹೇಳಲು ದಾರಿ ಇರಲಿಲ್ಲ, ಅಷ್ಟೆ.

ಇಷ್ಟಾದರೂ ಯಂತ್ರ ಸೇರದಿದ್ದರೆ ಅದನ್ನು ರೌಟರಿನ ಪಕ್ಕಕ್ಕೆ ತಂದು ಪರೀಕ್ಷಿಸಬೇಕು. ಅಲ್ಲಿ ಸೇರಿ, ಕೋಣೆಗೆ ಒಯ್ದಾಗ ಬಿಟ್ಟುಹೋದರೆ ದೋಷ ದೂರದ್ದು, ಗೋಡೆಯದು. ಪಕ್ಕದಲ್ಲಿಯೂ ಸೇರದಿದ್ದರೆ ಪಾಸ್‌ವರ್ಡನ್ನು ಮತ್ತೆ ಬರೆಯಬೇಕು. ದೊಡ್ಡಕ್ಷರ ಚಿಕ್ಕಕ್ಷರಗಳ ವ್ಯತ್ಯಾಸವೂ, ಫೋನು ತಾನಾಗಿ ಕೊನೆಗೆ ಸೇರಿಸುವ ಖಾಲಿ ಜಾಗವೂ ಕೀಲಿಯನ್ನು ಕೆಡಿಸುತ್ತವೆ. ತಪ್ಪು ಪಾಸ್‌ವರ್ಡನ್ನು ಕೊಟ್ಟರೂ ಅನೇಕ ಆ್ಯಪುಗಳು ಒಡನೆಯೇ ಎಚ್ಚರಿಸುವುದಿಲ್ಲ. ಬಹಳ ಹೊತ್ತು ತಿರುಗಿ ಕೊನೆಗೆ ಆಗಲಿಲ್ಲವೆಂದಷ್ಟೇ ಹೇಳುತ್ತವೆ.

ಎಲ್ಲ ಸೇರಿದ ಮೇಲೆ ಎರಡು ಬ್ಯಾಂಡುಗಳಿಗೂ ಮತ್ತೆ `Kaveri` ಎಂಬ ಒಂದೇ ಹೆಸರನ್ನಿಡಬಹುದು. ಯಂತ್ರಗಳು 2.4ನ್ನು ಮಾತ್ರ ಕೇಳುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಆದರೆ ಆ ಮನೆಯವರು ಬೇರೊಂದು ಏರ್ಪಾಡು ಮಾಡಿದರು. ರೌಟರಿನ ‘ಅತಿಥಿ ಜಾಲ’ವನ್ನು 2.4ರಲ್ಲಿ ಮಾತ್ರ ತೆರೆದು, ಅದರ ಪಾಸ್‌ವರ್ಡನ್ನು ಯಾವ ಅತಿಥಿಗೂ ಹೇಳದೆ, ಪ್ಲಗ್ಗುಗಳನ್ನೂ ಕ್ಯಾಮರಾವನ್ನೂ ಅದಕ್ಕೆ ವರ್ಗಾಯಿಸಿದರು. ಇನ್ನು ಮುಂದೆ ಮನೆಯ ಮುಖ್ಯ ಪಾಸ್‌ವರ್ಡು ಬದಲಾದರೂ ಅಜ್ಜಿಯ ಕೋಣೆಯ ಕ್ಯಾಮರಾಕ್ಕೆ ಅದು ತಟ್ಟದು. ಇದಕ್ಕೊಂದು ಮಿತಿ ಉಂಟು: ಅತಿಥಿ ಜಾಲ ಸಾಮಾನ್ಯವಾಗಿ ಒಳಗಿನ ಉಪಕರಣಗಳನ್ನು ಪರಸ್ಪರ ಮಾತನಾಡಗೊಡುವುದಿಲ್ಲ, ಆಜ್ಞೆ ಹೊರಗಿನ ಇಂಟರ್ನೆಟ್ಟನ್ನು ಸುತ್ತಿ ಬರಬೇಕಾಗುತ್ತದೆ. ಹೀಗಾಗಿ ಇಂಟರ್ನೆಟ್ ನಿಂತ ಸಂಜೆ ಮಂಚದ ಬಳಿಯ ದೀಪವನ್ನು ಫೋನಿನಿಂದ ಹೊತ್ತಿಸಲಾಗದು. ಆಗ ಪ್ಲಗ್ಗಿನ ಮೇಲಿನ ಗುಂಡಿಯನ್ನು ಕೈಯಿಂದ ಒತ್ತಬೇಕು.