ಏಜೆಂಟರ ‘ಆಯ್ತು ಮೇಡಂ’ ನಂಬಿ ಸಹಿ ಹಾಕಬೇಡಿ

ನೆರೂಳದ ನನ್ನ ಕಕ್ಷಿದಾರರೊಬ್ಬರು ಹೆರಿಗೆ ರಜೆ ಮುಗಿಸಿ, ಹಳೆಯ ಕೆಲಸ ಬಿಟ್ಟು, ಐರೋಲಿಯ ಕಂಪನಿಯೊಂದಕ್ಕೆ ಸೇರಿದರು. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡುವುದಾಗಿ ನೇಮಕಾತಿ ಏಜೆಂಟರಿಗೆ ಮೊದಲೇ ಬರೆದಿದ್ದರು. ‘ಆಯ್ತು ಮೇಡಂ’ ಎಂದು ವಾಟ್ಸಾಪ್‌ನಲ್ಲಿ ಉತ್ತರವೂ ಬಂದಿತ್ತು. ಸೇರಿದ ಮೇಲೆ ಮ್ಯಾನೇಜರ್ ದಿನವೂ ಬರಬೇಕೆಂದರು. ಏಜೆಂಟರಿಗೆ ಅಷ್ಟರಲ್ಲಿ ಕಮಿಷನ್ ಸಂದಾಯವಾಗಿತ್ತು, ಫೋನ್ ಎತ್ತಲಿಲ್ಲ.

ಆಫರ್ ಲೆಟರ್ ತರಿಸಿ ನೋಡಿದೆ. ಹಿಂದಿನ ಎಲ್ಲ ಮಾತುಕತೆ, ಭರವಸೆಗಳು ರದ್ದು, ಈ ಪತ್ರವೇ ಅಂತಿಮ ಎಂಬ ಸಾಲು ಕೊನೆಯ ಪುಟದಲ್ಲಿತ್ತು. ಕೆಳಗೆ ಅವರ ಸಹಿ. ಇಂಥ ಸಾಲಿದ್ದರೆ ವಾಟ್ಸಾಪ್ ಹಿಡಿದು ವಾದಿಸುವುದು ಕಷ್ಟ. ಏಜೆಂಟ್ ನಿಮ್ಮ ಮಾಲೀಕನೂ ಅಲ್ಲ.

ಹಾಗಾಗಿ ಏಜೆಂಟರಿಗೆ ಬರೆಯುವ ಪತ್ರ ಚಿಕ್ಕದಿರಲಿ, ಸ್ಪಷ್ಟವಾಗಿರಲಿ:

“ಹೆರಿಗೆ ರಜೆ ಮುಗಿದಿದೆ. ಆಫರ್ ಲೆಟರ್ ಬಂದ ಮೇಲೆ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಸಿ ಸೇರಬಲ್ಲೆ. ಸೋಮವಾರ, ಶುಕ್ರವಾರ ಮನೆಯಿಂದ, ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇದನ್ನು ಆಫರ್ ಲೆಟರ್‌ನಲ್ಲಿ ಸೇರಿಸಬೇಕೆಂದು ವಿನಂತಿ.”

‘ಯಾವ ಹೊತ್ತಿಗಾದರೂ ಸಿದ್ಧ’ ಎಂದು ಬರೆಯಬೇಡಿ. ರಾತ್ರಿ ಶಿಫ್ಟ್ ಹೇರುವಾಗ ಅದನ್ನೇ ತೋರಿಸುತ್ತಾರೆ. ‘ಎರಡನೇ ಮಗು ಯಾವಾಗ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹಂಗು ನಿಮಗಿಲ್ಲ. ಈ ಪತ್ರದ ಒಂದು ಪ್ರತಿ ಕಂಪನಿಯ ಎಚ್‌ಆರ್‌ಗೂ ಇಮೇಲ್‌ನಲ್ಲಿ ಹೋಗಲಿ. ಆಫರ್ ಲೆಟರ್ ಕೈಗೆ ಬರುವ ತನಕ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ‘ತಕ್ಷಣ ಸೇರುವವರೇ ಬೇಕು’ ಎಂದು ಏಜೆಂಟ್ ಎಷ್ಟೇ ಅವಸರ ಮಾಡಲಿ.

ಯಾವುದನ್ನು ಕೇಳಿ ಪಡೆಯಬೇಕು, ಯಾವುದು ಹಕ್ಕು ಎಂಬುದು ತಿಳಿದಿರಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ನಿಯಮಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿವೆ; ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಅದರಲ್ಲಿ ಅವಕಾಶವಿದೆ ನಿಜ. ಆದರೆ ಕೆಲಸದ ಸ್ವರೂಪ ಅದಕ್ಕೆ ಒಗ್ಗಬೇಕು, ಮಾಲೀಕರೂ ಒಪ್ಪಬೇಕು. ಒಪ್ಪಿಗೆಯೇ ಅದರ ಜೀವ, ಅದಕ್ಕೇ ಬರಹದಲ್ಲಿ ಬೇಕು.

ಶಿಶುಪಾಲನಾ ಕೇಂದ್ರದ ಮಾತು ಬೇರೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಕಡ್ಡಾಯ, ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಬಹುದು. ‘ಕೇಂದ್ರ ದೂರ ಇದೆ, ಹೊಂದಿಕೊಳ್ಳಿ’ ಎಂದು ಎಚ್‌ಆರ್ ಉಪಕಾರ ಮಾಡಿದಂತೆ ಹೇಳಿದರೆ ಕೇಳಿಕೊಂಡು ಬರಬೇಡಿ. ಸಣ್ಣ ಕಂಪನಿಗೆ ಸೇರುವವರು ಮಾತ್ರ ಈ ಹಕ್ಕನ್ನು ನಂಬಿ ಮಗುವಿನ ವ್ಯವಸ್ಥೆ ಯೋಚಿಸಬಾರದು.

‘ಎಲ್ಲರಿಗೂ ಒಂದೇ ಫಾರ್ಮ್ಯಾಟ್, ಆಮೇಲೆ ನೋಡೋಣ’ ಎಂದು ಕಂಪನಿ ಮನೆಯಿಂದ ಕೆಲಸದ ಎರಡು ದಿನದ ಸಾಲು ಬರೆಯಲು ಒಪ್ಪದಿದ್ದರೆ? ಆ ಕೆಲಸ ವಾರದ ಅಷ್ಟೂ ದಿನ ಕಚೇರಿಯದ್ದೆಂದೇ ತಿಳಿಯಿರಿ. ಮಗುವನ್ನು ನೋಡಿಕೊಳ್ಳುವವರ ಸಂಬಳ, ಲೋಕಲ್ ಪ್ರಯಾಣದ ಹೊತ್ತು ಎಲ್ಲ ಲೆಕ್ಕ ಹಾಕಿ, ಕಂಪನಿ ಕೊಡುವ ಸಂಬಳಕ್ಕೆ ಒಪ್ಪಬಹುದೇ ಎಂದು ನೋಡಿ, ಆಮೇಲೆ ಸಹಿ ಹಾಕಿ.